ಕೋರ್ಟ್ ಸಮನ್ಸ್ ಬಂದಿದೆ, ಇದರಲ್ಲಿ ಏನು ಬರೆದಿದೆ?

"ವಿರಾಜಪೇಟೆ ಕೋರ್ಟಿಂದ ನನ್ನ ಹೆಸರಿಗೆ ಸಮನ್ಸ್ ಬಂದಿದೆ, ಫೋಟೋ ಹಾಕಿದ್ದೇನೆ. ಓ.ಎಸ್. 112/2025 ಅಂತ ಇದೆ, 28-01-2026ಕ್ಕೆ ಬರಬೇಕಂತೆ. ಜನವರಿ 6ಕ್ಕೆ ಅಮೀನರು ಕೊಟ್ಟು ಸಹಿ ಹಾಕಿಸಿಕೊಂಡರು. ಚಿಕ್ಕಪ್ಪನ ಮಗ ತೋಟದ ಪಾಲು ಕೇಳಿದ್ದಾನೆ. ಹೋಗದಿದ್ದರೆ ಪೊಲೀಸರು ಬರುತ್ತಾರಾ?"

ಬರುವುದಿಲ್ಲ. ಓ.ಎಸ್. ಎಂದರೆ ಅಸಲು ದಾವೆ, ಸಿವಿಲ್ ಕೇಸು. ನೀವು ಪ್ರತಿವಾದಿ, ಆರೋಪಿಯಲ್ಲ. ಆದರೆ ಹೋಗದಿದ್ದರೆ ನಿಮ್ಮನ್ನು ಏಕಪಕ್ಷೀಯ ಎಂದು ದಾಖಲಿಸಿ, ವಾದಿಯ ಮಾತನ್ನಷ್ಟೇ ಕೇಳಿ ಪಾಲಿನ ಡಿಕ್ರಿ ಕೊಡಬಹುದು. ಅದು ಪೊಲೀಸರಿಗಿಂತ ದೊಡ್ಡ ತೊಂದರೆ.

112 ಎಂಬುದು 2025ರಲ್ಲಿ ಆ ನ್ಯಾಯಾಲಯದಲ್ಲಿ ದಾಖಲಾದ ಕ್ರಮಸಂಖ್ಯೆ. ಇದೇ ಸಂಖ್ಯೆ ಮಡಿಕೇರಿಯಲ್ಲೂ ಸೋಮವಾರಪೇಟೆಯಲ್ಲೂ ಇರಬಹುದು. ಹಾಗಾಗಿ ಮೇಲಿನ ಸಾಲಿನಲ್ಲಿರುವ ನ್ಯಾಯಾಲಯದ ಪೂರ್ತಿ ಹೆಸರನ್ನೂ ಬರೆದಿಟ್ಟುಕೊಳ್ಳಿ. services.ecourts.gov.in ನಲ್ಲಿ ಹುಡುಕುವಾಗ ಜಿಲ್ಲೆ, ಕೋರ್ಟ್ ಸಂಕೀರ್ಣ, ಸಂಖ್ಯೆ, ವರ್ಷ ಎಲ್ಲವೂ ಬೇಕು.

ಹೆಚ್ಚಿನವರು ಎಡವುವುದು ದಿನಾಂಕದಲ್ಲಿ. ಇಲ್ಲಿ ಎರಡು ಲೆಕ್ಕಗಳಿವೆ. ಜನವರಿ 28 ಹಾಜರಾತಿಯ ದಿನ. ದಾವೆಗೆ ನೀವು ಬರೆದು ಕೊಡುವ ಉತ್ತರ, ಅಂದರೆ ಲಿಖಿತ ಹೇಳಿಕೆಗೆ 30 ದಿನಗಳ ಗಡುವು ಬೇರೆ, ಅದು ಸಮನ್ಸ್ ಕೈಸೇರಿದ ದಿನದಿಂದ ನಡೆಯುತ್ತದೆ. ಜನವರಿ 6ನ್ನು ಬಿಟ್ಟು ಎಣಿಸಿದರೆ ಫೆಬ್ರವರಿ 5ಕ್ಕೆ ಮುಗಿಯುತ್ತದೆ. 28ಕ್ಕೆ ಹೋಗಿ ಆಮೇಲೆ ವಕೀಲರನ್ನು ಹುಡುಕಿದರೆ ಉಳಿಯುವುದು ಒಂದೇ ವಾರ. ಕಾರಣ ಕೊಟ್ಟು ಕೇಳಿದರೆ ನ್ಯಾಯಾಲಯ ಒಟ್ಟು 90 ದಿನಗಳವರೆಗೆ, ಅಂದರೆ ಏಪ್ರಿಲ್ 6ರವರೆಗೆ, ಅವಕಾಶ ಕೊಡಬಹುದು. ಅದನ್ನೇ ನೆಚ್ಚಿ ಕೂರಬೇಡಿ.

ಫೋಟೋದಲ್ಲಿ ಒಂದೇ ಹಾಳೆ ಕಾಣುತ್ತಿದೆ. ಸಮನ್ಸ್ ಜೊತೆ ದಾವಾಪತ್ರದ ನಕಲು ಇರಲೇಬೇಕು. ಇಲ್ಲದಿದ್ದರೆ ವಕೀಲರಿಗೆ ಮೊದಲು ಅದನ್ನೇ ಹೇಳಿ. ಇದ್ದರೆ ಅದರೊಳಗೆ "ಐ.ಎ." ಎಂದು ಬರೆದ ಮಧ್ಯಂತರ ಅರ್ಜಿ ಇದೆಯಾ ನೋಡಿ. ಪಾಲಿನ ದಾವೆಗಳಲ್ಲಿ ತೋಟ ಮಾರಬಾರದು, ಮರ ಕಡಿಯಬಾರದು ಎಂಬ ತಡೆಯಾಜ್ಞೆ ಕೇಳುವುದು ಸಾಮಾನ್ಯ. ಅದಕ್ಕೆ ಬೇರೆಯೇ ಆಕ್ಷೇಪಣೆ ಬೇಕು, ಮೊದಲ ದಿನವೇ ಕೇಳಲೂಬಹುದು. ತಾತ್ಕಾಲಿಕ ಆದೇಶ ಆಗಲೇ ಆಗಿದ್ದರೆ ಅದರ ಪ್ರತಿಯೂ ಜೊತೆಗಿರಬೇಕು. ಆದೇಶ ಇದ್ದರೆ ಕಾಫಿ ಕೊಯ್ಲಿನ ವಿಷಯದಲ್ಲಿ ಏನು ಮಾಡಬಹುದು, ಏನು ಕೂಡದು ಎಂದು ವಕೀಲರನ್ನು ಕೇಳಿಯೇ ಮುಂದಡಿಯಿಡಿ.

"ಖುದ್ದಾಗಿ ಅಥವಾ ವಕೀಲರ ಮೂಲಕ" ಎಂಬ ಸಾಲಿಗೆ ಹೆದರಬೇಕಿಲ್ಲ. ನೀವು ಸಹಿ ಮಾಡಿದ ವಕಾಲತ್ತು ಸಲ್ಲಿಸಿದರೆ ಅವರೇ ನಿಮ್ಮ ಪರ ಹಾಜರಾಗುತ್ತಾರೆ. ಅಷ್ಟರೊಳಗೆ ವಕೀಲರು ಸಿಗದಿದ್ದರೆ ನೀವೇ ಗುರುತಿನ ಚೀಟಿ, ಸಮನ್ಸ್ ಹಿಡಿದು ಬೆಳಿಗ್ಗೆ ಬೇಗ ಹೋಗಿ. ಹೆಸರು ಕೂಗಿದಾಗ ಮುಂದೆ ನಿಂತು, ವಕೀಲರನ್ನು ನೇಮಿಸಲು ಸಮಯ ಬೇಕೆಂದು ಕೇಳಿ. ನ್ಯಾಯಾಧೀಶರು ರಜೆಯಲ್ಲಿದ್ದರೂ ಮುಂದಿನ ದಿನಾಂಕ ಬರೆದುಕೊಂಡೇ ಬನ್ನಿ. ಫೀಸು ಕಷ್ಟವಾದರೆ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ.

ಹಾಗೆಯೇ ಹೆಸರುಗಳು ಕಾಣುವ ಆ ಫೋಟೋವನ್ನು ಇಲ್ಲಿಂದ ತೆಗೆದುಬಿಡಿ.