ಪಾಪುಗೆ ಜ್ವರ, ರಾತ್ರಿ ನೋಡಿಕೊಳ್ಳುವವರಿಗೆ ಏನು ಬರೆದಿಡಬೇಕು?

ಪ್ರಶ್ನೆ: ಮೈಸೂರಿನಲ್ಲಿದ್ದೇವೆ, ಇಬ್ಬರಿಗೂ ನೈಟ್ ಶಿಫ್ಟ್. 9 ತಿಂಗಳ ಮಗುಗೆ ಜ್ವರ. ನೋಡಿಕೊಳ್ಳೋ ಅಕ್ಕನಿಗೆ ಏನಂತ ಮೆಸೇಜ್ ಹಾಕಲಿ?

ಉತ್ತರ: ಮೊದಲು ಬಾಟಲಿ ನೋಡಿ. ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಎಂಜಿ, ಸಿರಪ್‌ನಲ್ಲಿ 5 ಎಂಎಲ್‌ಗೆ 125 ಅಥವಾ 250. ಸಿರಪ್ ಅಂದುಕೊಂಡು ಡ್ರಾಪ್ಸ್ 5 ಎಂಎಲ್ ಕುಡಿಸಿದರೆ 500 ಎಂಜಿ ಹೋಯ್ತು, ಲಿವರ್‌ಗೇ ಅಪಾಯ. ಹಾಗಾಗಿ ಮನೆಯಲ್ಲಿ ಒಂದೇ ಬಾಟಲಿ ಹೊರಗಿಡಿ, ಅಳತೆ ಸಿರಿಂಜ್ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಅಡುಗೆಮನೆ ಚಮಚ ಬೇಡ.

ಡೋಸ್ ತೂಕದ ಮೇಲೆ: ಕೆಜಿಗೆ 15 ಎಂಜಿ. ಪಾಪು 8 ಕೆಜಿ ಇದ್ದರೆ 120 ಎಂಜಿ, ಅಂದ್ರೆ ಡ್ರಾಪ್ಸ್ 1.2 ಎಂಎಲ್. ನಿಮ್ಮ ಡಾಕ್ಟರ್ ಹತ್ತಿರ ಒಮ್ಮೆ ಖಚಿತ ಮಾಡಿಕೊಂಡು ಹೀಗೆ ಬರೆಯಿರಿ:

"ಅಕ್ಕ, ಇವತ್ತು ಬೆಳಿಗ್ಗೆ 8, ಮಧ್ಯಾಹ್ನ 2:30, ರಾತ್ರಿ 8:30ಕ್ಕೆ ಔಷಧಿ ಆಗಿದೆ. 24 ಗಂಟೆಗೆ ನಾಲ್ಕೇ ಸಲ, ಅದಕ್ಕೆ ನಾಳೆ ಬೆಳಿಗ್ಗೆ 8ರವರೆಗೆ ಇನ್ನು ಒಂದೇ ಸಲ, 1.2 ಎಂಎಲ್, ಅದೂ ರಾತ್ರಿ 2:30ರ ಮೇಲೆ. ಎದ್ದು ಸಂಕಟಪಡ್ತಿದ್ರೆ ಮಾತ್ರ. ಕೊಟ್ಟ ತಕ್ಷಣ ಟೈಮ್ ಕಳಿಸಿ. ನೆಗಡಿ ಸಿರಪ್ ಬೇಡವೇ ಬೇಡ, ಅದರಲ್ಲೂ ಇದೇ ಔಷಧಿ ಇರಬಹುದು."

ನೆಮ್ಮದಿಯಾಗಿ ಮಲಗಿರೋ ಮಗುವನ್ನು ಸುಮ್ನೆ ಔಷಧಿಗೋಸ್ಕರ ಎಬ್ಬಿಸಬಾರದು. ಆದರೆ ಉಸಿರು ನೋಡುತ್ತಿರಬೇಕು. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ತಟ್ಟಿದರೂ ಸರಿಯಾಗಿ ಏಳದಿದ್ದರೆ ನಿಮಗೂ ಮೊದಲು 108ಕ್ಕೆ ಫೋನ್ ಮಾಡಲಿ. ಹಾಲು ಬೇಡ ಅಂದು, 8 ಗಂಟೆ ಡೈಪರ್ ಒಣಗೇ ಇದ್ದರೆ ರಾತ್ರಿಯೇ ಆಸ್ಪತ್ರೆಗೆ. ಮಗು 3 ತಿಂಗಳೊಳಗಿದ್ದು 100.4 ಡಿಗ್ರಿ ಮುಟ್ಟಿದರಂತೂ ಈ ಲೆಕ್ಕ ಯಾವುದೂ ಬೇಡ, ನೇರ ಡಾಕ್ಟರ್ ಹತ್ತಿರ.