ತಪ್ಪಿನ ಪುಸ್ತಕ ಖಾಲಿ ಇದ್ದ ಲ್ಯಾಬ್

ಕಾಸರಗೋಡು ಕಡೆಯ ಒಂದು ಖಾಸಗಿ ಲ್ಯಾಬಿನ ಪ್ರಕರಣ ಇದು. ಗುರುತು ಸಿಗಬಾರದೆಂದು ಹೆಸರನ್ನೂ ಕೆಲವು ವಿವರಗಳನ್ನೂ ಬದಲಾಯಿಸಿದ್ದೇನೆ. ಇನ್‌ಚಾರ್ಜ್ ಆಗಿದ್ದವರನ್ನು ಶಾರದಕ್ಕ ಅನ್ನೋಣ. "ನನ್ನ ಹುಡುಗಿಯರು ವಿಷಯ ಮುಚ್ಚಿಡುತ್ತಾರೆ, ಅವರಿಗೆ ಸ್ವಲ್ಪ ಬುದ್ಧಿ ಹೇಳಿ" ಅಂತ ಅವರು ನನ್ನ ಹತ್ತಿರ ಬಂದಿದ್ದರು.

ನಡೆದದ್ದು ಇಷ್ಟು. ಒಬ್ಬ ರೋಗಿಯ ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಸಾಲಲಿಲ್ಲ. ಹೊಸ ಹುಡುಗಿಯೊಬ್ಬಳು ನೇರಳೆ ಮುಚ್ಚಳದ ಟ್ಯೂಬಿನಿಂದ ಸ್ವಲ್ಪ ಅದಕ್ಕೆ ಸುರಿದಳು. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿರುತ್ತಾರೆ, ಅದರಲ್ಲಿ ಪೊಟ್ಯಾಶಿಯಮ್ ಇರುತ್ತದೆ, ಜೊತೆಗೆ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಪೊಟ್ಯಾಶಿಯಮ್ 8.6 ಬಂತು (ಸಾಮಾನ್ಯವಾಗಿ 3.5ರಿಂದ 5 ಇರಬೇಕು), ಕ್ಯಾಲ್ಸಿಯಂ 4ಕ್ಕೆ ಇಳಿಯಿತು (8.5ಕ್ಕಿಂತ ಮೇಲಿರಬೇಕು). ನಿಜವಾಗಿ ಅಷ್ಟು ಪೊಟ್ಯಾಶಿಯಮ್ ಇದ್ದರೆ ಹೃದಯವೇ ನಿಲ್ಲಬಹುದು, ಆ ಮನುಷ್ಯ ಮಾತ್ರ ಹೊರಗೆ ಬೆಂಚಿನಲ್ಲಿ ಕೂತು ಚಾ ಕುಡಿಯುತ್ತಿದ್ದ. ಡಾಕ್ಟರಿಗೆ ಸಂಶಯ ಬಂದು ಮತ್ತೊಮ್ಮೆ ರಕ್ತ ತೆಗೆಸಿದರು. 4.3 ಬಂತು. ಇಲ್ಲದ ಕಾಯಿಲೆಗೆ, ಪೊಟ್ಯಾಶಿಯಮ್ ಇಳಿಸಲು ಅಂತ ಇನ್ಸುಲಿನ್ ಚುಚ್ಚುವುದು ಸ್ವಲ್ಪದರಲ್ಲಿ ತಪ್ಪಿತು.

ಶಾರದಕ್ಕನ ಒಪ್ಪಿಗೆ ಪಡೆದು ಹುಡುಗಿಯರ ಜೊತೆ ಬೇರೆಬೇರೆಯಾಗಿ ಮಾತಾಡಿದೆ. ಮೆಷಿನ್ ನೋಡುತ್ತಿದ್ದ ಟ್ರೈನಿ ಹೇಳಿದ್ದು ಇದು: "ಪೊಟ್ಯಾಶಿಯಮ್ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ, ಎರಡೂ ಒಟ್ಟಿಗೆ ಕಂಡಾಗಲೇ ಸಂಶಯ ಬಂದಿತ್ತು ಮೇಡಂ. ಹೇಳುವಾ ಅಂತ ಇದ್ದೆ. ಮೊನ್ನೆ ಒಬ್ಬಳಿಗೆ ಎಲ್ಲರ ಎದುರು 'ಇಷ್ಟೂ ಗೊತ್ತಿಲ್ವಾ' ಅಂದದ್ದು ನೆನಪಾಯ್ತು, ಸುಮ್ಮನಾದೆ." ಇವಳು ಕನ್ನಡ ಮೀಡಿಯಂನಲ್ಲಿ ಓದಿದವಳು, ಲ್ಯಾಬಿನಲ್ಲಿ ಮಾತೆಲ್ಲ ಮಲಯಾಳಂ. ಸಂಶಯವನ್ನು ಸರಿಯಾಗಿ ಜೋಡಿಸಿ ಹೇಳುವಷ್ಟರಲ್ಲಿ ಸೀನಿಯರ್ ಚೇಚಿಯರು ಮುಂದಿನ ಕೆಲಸಕ್ಕೆ ಹೋಗಿಬಿಡುತ್ತಾರೆ. ಅಂದರೆ ತಪ್ಪನ್ನು ಹಿಡಿಯುವ ಜ್ಞಾನ ಆ ಕೋಣೆಯಲ್ಲೇ ಇತ್ತು, ಬಾಯಿಗೆ ಬರಲಿಲ್ಲ ಅಷ್ಟೆ.

ಶಾರದಕ್ಕ ಆಮೇಲೆ ಒಂದು ಪುಸ್ತಕ ಇಟ್ಟಿದ್ದರು. ತಪ್ಪು ಮಾಡಿದವರು ಹೆಸರು ಬರೆದು ಸಹಿ ಹಾಕಬೇಕು, ಸಂಬಳದಲ್ಲಿ ದಂಡ ಹಿಡಿಯುತ್ತಾರೆ. ಪುಸ್ತಕ ಖಾಲಿ ಇತ್ತು. ಅದನ್ನು ತೋರಿಸಿ "ನೋಡಿ, ಈಗ ತಪ್ಪೇ ಇಲ್ಲ" ಅಂದರು. ನನಗೆ ಹೆದರಿಕೆ ಆದದ್ದು ಅದನ್ನು ನೋಡಿಯೇ. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಅಮೆರಿಕದ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದಾಗ, ಒಳ್ಳೆಯ ತಂಡಗಳಲ್ಲೇ ತಪ್ಪಿನ ಲೆಕ್ಕ ಜಾಸ್ತಿ ಕಂಡಿತು. ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದರು. ಇದನ್ನು ಶಾರದಕ್ಕನಿಗೆ ಹೇಳಿದೆ. ರಕ್ತ ಸುರಿದವಳು ಯಾರು ಅಂತ ಕೇಳಿದರು, ಅದನ್ನು ಹೇಳಲಿಲ್ಲ.

ಬುದ್ಧಿ ಹೇಳಬೇಕಾದ್ದು ಹುಡುಗಿಯರಿಗೆ ಅಲ್ಲ ಅಂತ ಮೊದಲು ಒಪ್ಪಿಸಬೇಕಾಯಿತು. ಕೊಟ್ಟ ಸಲಹೆಯಲ್ಲಿ ಮುಖ್ಯವಾದ್ದು, ಯಾರಾದರೂ ತಪ್ಪಾಗಿದೆ ಅಂತ ಬಂದು ಹೇಳಿದಾಗ ಶಾರದಕ್ಕನ ಬಾಯಿಂದ ಬರುವ ಮೊದಲ ವಾಕ್ಯ. "ಯಾರು ಮಾಡಿದ್ದು?" ಬೇಡ. "ಹೇಳಿದ್ದು ಒಳ್ಳೆದಾಯ್ತು, ರಿಪೋರ್ಟ್ ಹೋಗಿದೆಯಾ?" ಅನ್ನಿ. ಮೊದಲು ರೋಗಿ, ಆಮೇಲೆ ಸ್ಯಾಂಪಲ್, ಇದು ಹೇಗಾಯಿತು ಅನ್ನುವುದು ಸಂಜೆಗೆ. "ಡೌಟ್ ಉಂಟಾ?" ಅಂತ ಕೇಳಿದರೆ "ಇಲ್ಲ" ಅಂತಲೇ ಉತ್ತರ ಬರುತ್ತದೆ, ಅದರ ಬದಲು "ಇವತ್ತು ಯಾವ ರಿಪೋರ್ಟ್ ವಿಚಿತ್ರ ಅನಿಸಿತು?" ಅಂತ ಕೇಳಿ, ಮೊದಲ ಉತ್ತರವನ್ನು ನೀವೇ ಕೊಡಿ. ಟ್ರೈನಿ ಕೂಡ "ತಡೀರಿ" ಅಂದರೆ ರಿಪೋರ್ಟ್ ನಿಲ್ಲಬೇಕು. ಕನ್ನಡವೋ ತುಳುವೋ ಮಲಯಾಳವೋ, ಬಾಯಿಗೆ ಬಂದದ್ದರಲ್ಲಿ ಹೇಳಲಿ. ಕಾರಣ ಆಮೇಲೆ ಕೇಳಬಹುದು. ಸಂಶಯ ಸುಳ್ಳಾದರೆ ಹೋಗುವುದು ಇನ್ನೊಂದು ಸಲ ಓಡಿಸುವ ಸಮಯ ಮಾತ್ರ, ಅದಕ್ಕೆ ಮುಖ ಸಿಂಡರಿಸಬೇಡಿ. ದಂಡ ನಿಲ್ಲಿಸಬೇಕು, ಪುಸ್ತಕದಿಂದ ಹೆಸರಿನ ಕಾಲಂ ತೆಗೆಯಬೇಕು. ಹಾಗಂತ ಎಲ್ಲದಕ್ಕೂ ಮಾಫಿ ಅಲ್ಲ. ಮೆಷಿನ್ ಓಡಿಸದೆ ಅಂಕಿ ಬರೆದವರಿಗೆ ಶಿಸ್ತುಕ್ರಮವೇ ಸರಿ, ಇದು ಮೊದಲೇ ಎಲ್ಲರಿಗೂ ಗೊತ್ತಿರಲಿ.

ಶುರುವಿನಲ್ಲೇ ಎಡವಿತು. ಲೇಬಲ್ ಅದಲುಬದಲಾಗಿದೆ ಅಂತ ಒಬ್ಬಳು ಬಂದು ಹೇಳಿದಾಗ ಶಾರದಕ್ಕ "ಪುನಃ ನೀನಾ?" ಅಂದುಬಿಟ್ಟರು. ಆಮೇಲೆ ಕೆಲವು ದಿನ ಯಾರೂ ಒಂದು ಮಾತೂ ಎತ್ತಲಿಲ್ಲ. ಬೈದದ್ದು ಎಲ್ಲರ ಎದುರು, ಹಾಗಾಗಿ ಕ್ಷಮೆಯೂ ಎಲ್ಲರ ಎದುರೇ ಕೇಳಿ ಅಂದೆ. ಕಷ್ಟಪಟ್ಟು ಕೇಳಿದರು. ನಿಧಾನಕ್ಕೆ ಪುಸ್ತಕ ತುಂಬತೊಡಗಿತು, ಅದೂ ಹೆಚ್ಚಾಗಿ, ರಿಪೋರ್ಟ್ ಹೊರಗೆ ಹೋಗುವ ಮೊದಲೇ ಸಿಕ್ಕ ತಪ್ಪುಗಳಿಂದ.

ಬಾಕಿ ಇರುವುದು ರಾತ್ರಿ ಪಾಳಿ. ಆಗ ಶಾರದಕ್ಕ ಇರುವುದಿಲ್ಲ, ಟ್ರೈನಿಯ ಜೊತೆ ಒಬ್ಬ ಸೀನಿಯರ್ ಮಾತ್ರ, ಅವರು ಇನ್ನೂ ಹಳೆಯ ಕ್ರಮದವರೇ. ಮುಂದಿನ ಭೇಟಿಗೆ ಅವರನ್ನೂ ಕರೆತರಲು ಹೇಳಿದ್ದೇನೆ. ಅಲ್ಲಿಯವರೆಗೆ ಸಂಶಯ ಬಂದರೆ ಎಷ್ಟು ಹೊತ್ತಾದರೂ ಟ್ರೈನಿ ನೇರವಾಗಿ ಶಾರದಕ್ಕನಿಗೇ ಫೋನ್ ಮಾಡಬಹುದು.