ತಡವರಿಸದೆ ಓದುತ್ತಾಳೆ, ಓದಿದ್ದನ್ನು ಹೇಳಲಾರಳು

ಪ್ರಶ್ನೆ: ನನ್ನ ಮಗಳು ಐದನೆಯ ತರಗತಿ, ಕನ್ನಡ ಮಾಧ್ಯಮ. ಪಾಠವನ್ನು ಗಟ್ಟಿಯಾಗಿ, ಎಲ್ಲಿಯೂ ತಡವರಿಸದೆ ಓದುತ್ತಾಳೆ. ಶಾಲೆಯಲ್ಲಿ ಪಾಠ ಓದಲು ಅವಳನ್ನೇ ಎಬ್ಬಿಸುತ್ತಾರೆ. ಆದರೆ ‘ಅದರಲ್ಲಿ ಏನಿತ್ತು?’ ಎಂದರೆ ಸುಮ್ಮನಾಗುತ್ತಾಳೆ. ಗಮನವಿಲ್ಲವೆಂದು ಗದರಿಸಿದೆ, ಮೂರು ಮೂರು ಸಲ ಓದಿಸಿದೆ, ಫಲವಿಲ್ಲ. ನಾನೇನು ಮಾಡಲಿ?

ಉತ್ತರ: ಸೋದರಿ, ಮತ್ತೆ ಮತ್ತೆ ಓದಿಸುವುದನ್ನು ಸದ್ಯಕ್ಕೆ ನಿಲ್ಲಿಸಿ, ಒಂದು ಸಣ್ಣ ಪರೀಕ್ಷೆ ಮಾಡಿ. ಅವಳು ಈವರೆಗೆ ನೋಡಿರದ, ಹತ್ತು ಸಾಲಿನ ಒಂದು ಭಾಗವನ್ನು ನೀವೇ ನಿಧಾನವಾಗಿ ಓದಿ ಹೇಳಿ, ಪುಸ್ತಕ ಮುಚ್ಚಿ, ಅದರ ಬಗ್ಗೆ ಎರಡು ಮೂರು ಪ್ರಶ್ನೆ ಕೇಳಿ. ಇನ್ನೊಂದು ದಿನ ಅಷ್ಟೇ ಕಷ್ಟದ ಬೇರೊಂದು ಭಾಗವನ್ನು ಅವಳು ಮನಸ್ಸಿನಲ್ಲೇ ಓದಿಕೊಳ್ಳಲಿ, ಮತ್ತೆ ಹಾಗೆಯೇ ಕೇಳಿ.

ಕೇಳಿಸಿಕೊಂಡಾಗ ಅಥವಾ ಮನಸ್ಸಿನಲ್ಲೇ ಓದಿದಾಗ ಸರಿಯಾಗಿ ಉತ್ತರಿಸಿದರೆ, ಗಟ್ಟಿಯಾಗಿ ಓದುವ ಕೆಲಸವೇ ಅವಳ ಗಮನವನ್ನು ನುಂಗುತ್ತಿದೆ ಎಂದು ತಿಳಿಯಬಹುದು. ತರಗತಿಯ ಮುಂದೆ ನಿಂತು ಓದುವ ಮಗುವಿಗೆ ಉಚ್ಚಾರ, ದನಿ, ವೇಗ, ಎದುರಿಗಿರುವವರ ಮುಖ ಇವೆಲ್ಲದರ ಮೇಲೂ ಕಣ್ಣಿಡಬೇಕಾಗಿರುವುದರಿಂದ ಅರ್ಥಕ್ಕೆ ಮನಸ್ಸಿನಲ್ಲಿ ಜಾಗ ಉಳಿಯುವುದಿಲ್ಲ. ಹೀಗಿದ್ದರೆ ಮೊದಲು ಮೌನವಾಗಿ ಓದಿ, ಆಮೇಲೆ ಗಟ್ಟಿಯಾಗಿ ಓದುವ ಕ್ರಮವೇ ಬಹುಮಟ್ಟಿಗೆ ಸಾಕಾಗುತ್ತದೆ.

ಕೇಳಿಸಿಕೊಂಡಾಗಲೂ ತಿಳಿಯದಿದ್ದರೆ ತೊಂದರೆ ಓದಿನಲ್ಲಿಲ್ಲ, ಆ ಪಠ್ಯದ ಭಾಷೆಯಲ್ಲಿದೆ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಇದನ್ನು ಸರಳವಾಗಿ ವಿವರಿಸಿದ್ದರು: ಓದಿ ತಿಳಿಯುವುದೆಂದರೆ ಅಕ್ಷರವನ್ನು ಮಾತಾಗಿಸುವ ಶಕ್ತಿ ಮತ್ತು ಆ ಮಾತನ್ನು ಅರ್ಥಮಾಡಿಕೊಳ್ಳುವ ಶಕ್ತಿ, ಇವೆರಡರ ಗುಣಲಬ್ಧ. ಒಂದು ಸೊನ್ನೆಗೆ ಹತ್ತಿರವಾದರೆ ಇನ್ನೊಂದು ಎಷ್ಟೇ ಇದ್ದರೂ ಫಲ ಸಿಗುವುದಿಲ್ಲ. ಕನ್ನಡದಲ್ಲಿ ಈ ಅಂತರ ಸುಲಭವಾಗಿ ಮರೆಯಾಗುತ್ತದೆ, ಏಕೆಂದರೆ ನಮ್ಮ ಲಿಪಿಯಲ್ಲಿ ಬರೆದಂತೆಯೇ ಓದುತ್ತೇವೆ. ಕಾಗುಣಿತ, ಒತ್ತಕ್ಷರ ಕರಗತವಾದ ಮಗು ಹಿಂದೆಂದೂ ಕೇಳಿರದ ‘ಅಂತರ್ಜಲ’ವನ್ನೂ ತಪ್ಪಿಲ್ಲದೆ ಉಚ್ಚರಿಸಬಲ್ಲದು. ಆ ಪದದ ಅರ್ಥ ಅದಕ್ಕೆ ಗೊತ್ತಿಲ್ಲವೆಂಬ ಸುಳಿವು ದನಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಒಂದು ಉದಾಹರಣೆ ನೋಡೋಣ. “ಮುಂಗಾರು ಕೈಕೊಟ್ಟಿದ್ದರಿಂದ ಬತ್ತಿದ್ದ ಕೆರೆಯ ಹೂಳನ್ನು ತೆಗೆಸಿದ ಊರವರು ಅದನ್ನು ತಮ್ಮ ಹೊಲಗಳಿಗೆ ಸಾಗಿಸಿದರು. ಮರುವರ್ಷ ಮಳೆ ಬಂದಾಗ ಬಾವಿಗಳಲ್ಲಿಯೂ ನೀರೇರಿತು.” ಪಟ್ಟಣದಲ್ಲಿ ಬೆಳೆದ ಮಗುವಿಗೆ ‘ಹೂಳು’ ಗೊತ್ತಿಲ್ಲದಿದ್ದರೆ ಇಡೀ ಭಾಗದ ಕೀಲೇ ಕಳಚಿದಂತೆ. ‘ಕೈಕೊಟ್ಟಿತು’ ಎಂಬುದನ್ನು ಸಹಾಯ ಮಾಡಿತು ಎಂದು ತಿಳಿದರೆ ಅರ್ಥ ತಲೆಕೆಳಗಾಗುತ್ತದೆ. ಮೊದಲ ವಾಕ್ಯದಲ್ಲಿ ‘ಬತ್ತಿದ್ದ’, ‘ತೆಗೆಸಿದ’ ಎಂಬ ವಿಶೇಷಣಗಳ ನಡುವೆ ಯಾರು ಏನು ಮಾಡಿದರೆಂಬುದನ್ನು ಕೊನೆಯ ಕ್ರಿಯಾಪದದವರೆಗೂ ನೆನಪಿನಲ್ಲಿ ಹಿಡಿದಿಡಬೇಕು. ಮನೆಯಲ್ಲಿ ನಾವು ಯಾರೂ ಹೀಗೆ ಮಾತನಾಡುವುದಿಲ್ಲ; “ಮಳೆ ಬರ್ಲಿಲ್ಲ, ಕೆರೆ ಒಣಗ್ತು, ಮಣ್ಣು ತೆಗೆಸಿದ್ರು” ಎಂದು ತುಂಡು ತುಂಡಾಗಿ ಹೇಳುತ್ತೇವೆ. ‘ಅದನ್ನು’ ಎಂದರೆ ಕೆರೆಯನ್ನಲ್ಲ, ಹೂಳನ್ನು. ಇನ್ನು ಬಾವಿಯಲ್ಲಿ ನೀರೇಕೆ ಏರಿತೆಂಬುದನ್ನು ಪಠ್ಯ ಹೇಳಿಯೇ ಇಲ್ಲ. ಹೂಳು ಹೋದ ಕೆರೆಯಲ್ಲಿ ಹೆಚ್ಚು ನೀರು ನಿಂತು ನೆಲಕ್ಕೆ ಇಂಗುತ್ತದೆಂದು ತಿಳಿದವರು ಮಾತ್ರ ಆ ಎರಡು ವಾಕ್ಯಗಳ ನಡುವಿನ ಸೇತುವೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ಆದ್ದರಿಂದ ‘ಏನಿತ್ತು?’ ಎಂದು ಕೇಳಬೇಡಿ. ಅದಕ್ಕೆ ಉತ್ತರಿಸಲು ಸಾರಾಂಶ ಮಾಡುವ ಬೇರೊಂದು ಕೌಶಲವೇ ಬೇಕು, ವಿಷಯ ಗೊತ್ತಿದ್ದ ಮಗುವೂ ಅಲ್ಲಿ ಮೂಕವಾಗಬಹುದು. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, “ಹೊಲಕ್ಕೆ ಹೋದದ್ದು ಏನು?”, “ಬಾವಿಗೆ ನೀರು ಎಲ್ಲಿಂದ ಬಂತು?” ಎಂದು ಕೇಳಿ, ಮನೆಯ ಮಾತಿನಲ್ಲೇ ಹೇಳಲು ಬಿಡಿ. ಎಲ್ಲಿ ತಪ್ಪುತ್ತದೆಯೋ ಅಲ್ಲಿಯೇ ಕಾರಣ ಕಾಣುತ್ತದೆ. ಪದವೇ ಗೊತ್ತಿಲ್ಲದಿದ್ದರೆ ಓದುವ ಮುನ್ನವೇ ಅಂತಹ ಮೂರು ನಾಲ್ಕು ಪದಗಳನ್ನು ಮಾತಿನಲ್ಲಿ ಬಳಸಿ ತೋರಿಸಿ. ವಾಕ್ಯ ಉದ್ದವಾಗಿ ತೊಡಕಾಗಿದ್ದರೆ ಅದನ್ನು ಅವಳಿಂದಲೇ ಮೂರು ಚಿಕ್ಕ ವಾಕ್ಯಗಳಾಗಿ ಒಡೆಸಿ. ವಿಷಯವೇ ಅಪರಿಚಿತವಾಗಿದ್ದರೆ ಓದಿಗಿಂತ ಮೊದಲು ಹತ್ತು ನಿಮಿಷ ಅದರ ಬಗ್ಗೆ ಮಾತನಾಡಿ. ಸಾಧ್ಯವಾದರೆ ಒಂದು ಕೆರೆಯನ್ನೇ ತೋರಿಸಿ.

ಗದರಿಸಿದ್ದಕ್ಕೆ ನೊಂದುಕೊಳ್ಳಬೇಡಿ, ಆದರೆ ಇನ್ನು ಗದರಿಸಬೇಡಿ. ಗಮನವಿಲ್ಲದ ಮಗು ಅಷ್ಟು ಸರಾಗವಾಗಿ ಓದುವುದು ಕಷ್ಟ.

ಒಂದು ಎಚ್ಚರಿಕೆ ಮಾತ್ರ ಇದೆ. ಪಾಠದಲ್ಲಷ್ಟೇ ಅಲ್ಲದೆ ದಿನನಿತ್ಯದ ಮಾತಿನಲ್ಲಿಯೂ, ‘ಚೀಲ ಒಳಗಿಟ್ಟು, ಕೈ ತೊಳೆದು, ತಟ್ಟೆ ತೆಗೆದುಕೊಂಡು ಬಾ’ ಎಂಬಂತಹ ಸೂಚನೆಯಲ್ಲಿ ಅವಳು ಪದೇ ಪದೇ ಎಡವುತ್ತಿದ್ದರೆ, ಅಥವಾ ನಡೆದ ಘಟನೆಯನ್ನು ಕ್ರಮವಾಗಿ ಹೇಳಲು ಕಷ್ಟಪಡುತ್ತಿದ್ದರೆ, ಮೊದಲು ಶ್ರವಣ ಪರೀಕ್ಷೆ, ಬಳಿಕ ಭಾಷಾ ಸಾಮರ್ಥ್ಯದ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎರಡೂ ನಡೆಯುತ್ತವೆ. ಹೋಗುವಾಗ ಅವಳು ಓದಿದ ಭಾಗ, ನೀವು ಕೇಳಿದ ಪ್ರಶ್ನೆ ಮತ್ತು ಅವಳು ಕೊಟ್ಟ ಉತ್ತರವನ್ನು ಇದ್ದಂತೆಯೇ ಬರೆದುಕೊಂಡು ಹೋಗಿ.